ಹಬ್ಬದ ಪೋಸ್ಟುಗಳಲ್ಲಿ ದನಿ ಒಡೆದರೆ: ಕಾರಣ ಹುಡುಕಿ ಒಂದು ಹಾಳೆಯಲ್ಲಿ ಸರಿಪಡಿಸುವ ದಾರಿ

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ತಿಂಡಿ ಘಟಕ ಇದೆ. ಹಪ್ಪಳ, ಸಂಡಿಗೆ, ಶಾವಿಗೆ, ಚಟ್ನಿಪುಡಿ, ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತೇವೆ. ಒಂದಷ್ಟು ಅಂಗಡಿಗಳಿಗೆ ಹೋಗುತ್ತದೆ. ಉಳಿದದ್ದು ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ನೋಡಿ ಕೇಳುವವರಿಗೆ. ಪೋಸ್ಟ್ ಬರೆಯುವವರು ನಾಲ್ಕು ಜನ. ಘಟಕದ ಯಜಮಾನಿ ಧಾರವಾಡದವರು, ನಮಗೆಲ್ಲ ಅವರು ಅಕ್ಕ. ಪ್ಯಾಕಿಂಗ್ ನೋಡಿಕೊಳ್ಳುವ ಹುಡುಗ ಹರಿಹರದವನು. ಸಂಜೆ ಹೊತ್ತು ಬರುವ ಕಾಲೇಜು ಹುಡುಗಿ ಉಡುಪಿ ಕಡೆಯವಳು. ನಾನು ಮೈಸೂರಿನವಳು. ಯಾರ ಕೈ ಬಿಡುವಾಗಿದೆಯೋ ಅವರು ಬರೆಯುತ್ತಾರೆ.

ವಾರದ ದಿನಗಳಲ್ಲಿ ಇದರಿಂದ ಏನೂ ತೊಂದರೆ ಕಾಣುತ್ತಿರಲಿಲ್ಲ. ಹಬ್ಬದ ಸಾಲು ಶುರುವಾದಾಗ ಕಂಡಿತು. ದೀಪಾವಳಿ ಹೊತ್ತಿಗೆ ಒಬ್ಬ ಹಳೆಯ ಗಿರಾಕಿ ಫೋನ್ ಮಾಡಿ ಕೇಳಿದರು: "ಏನಮ್ಮಾ, ಪೇಜ್ ಬೇರೆಯವರಿಗೆ ಕೊಟ್ರಾ? ಹೋದ ವಾರ ನೀವೇ ಎದುರಿಗೆ ನಿಂತು ಮಾತಾಡಿದ ಹಾಗಿತ್ತು. ಇವತ್ತು ಬ್ಯಾಂಕಿನಿಂದ ನೋಟೀಸ್ ಬಂದ ಹಾಗಿದೆ." ಅವರು ಸಿಟ್ಟಿನಿಂದ ಹೇಳಲಿಲ್ಲ. ಆದರೆ ಅವರು ಹತ್ತು ವರ್ಷದ ಗಿರಾಕಿ. ಅವರಿಗೇ ಗುರುತು ಸಿಗದಿದ್ದರೆ ಹೊಸಬರಿಗೆ ಹೇಗೆ ಸಿಗಬೇಕು?

ಆಮೇಲೆ ನಾವು ಏನು ಹುಡುಕಿದೆವು, ಏನು ಸಿಕ್ಕಿತು, ಸರಿ ಮಾಡಿದ ಮೇಲೂ ಎರಡು ಸಲ ಅದೇ ದೋಷ ಯಾಕೆ ಮರಳಿ ಬಂತು ಅಂತ ಇಲ್ಲಿ ಬರೆದಿದ್ದೇನೆ. ಸಣ್ಣ ತಂಡದಲ್ಲಿ ಹಂಚಿಕೊಂಡು ಬರೆಯುವವರು ಇದೇ ಕ್ರಮದಲ್ಲಿ ನೋಡಿಕೊಳ್ಳಬಹುದು.

ಮೊದಲು: ಇದು ನಿಜವಾಗಿ ದೋಷವೇ?

ಎಲ್ಲ ವ್ಯತ್ಯಾಸವೂ ದೋಷ ಅಲ್ಲ. ಮಳೆಗಾಲದಲ್ಲಿ ಹಪ್ಪಳದ ಬಗ್ಗೆ ಬರೆಯುವಾಗ ಸ್ವಲ್ಪ ಸಲುಗೆ ಇರುತ್ತದೆ. ಮಳೆಗೆ ಕೊರಿಯರ್ ನಿಂತಿದೆ ಅಂತ ತಿಳಿಸುವಾಗ ಮಾತು ನೇರವಾಗಿ, ಚಿಕ್ಕದಾಗಿ ಇರಬೇಕು. ಒಬ್ಬರೇ ಮನುಷ್ಯರು ಮದುವೆ ಮನೆಯಲ್ಲಿ ಒಂದು ಥರ, ಆಸ್ಪತ್ರೆಯಲ್ಲಿ ಒಂದು ಥರ ಮಾತಾಡುತ್ತಾರೆ. ಆದರೂ ಅವರು ಅವರೇ ಅಂತ ಗೊತ್ತಾಗುತ್ತದೆ ಅಲ್ವಾ? ಹಾಗೆ ಮಾತಿನ ಬಿಸಿ ಹೆಚ್ಚು ಕಡಿಮೆ ಆಗಬಹುದು. ಮಾತಾಡುವವರೇ ಬದಲಾದ ಹಾಗೆ ಕಂಡರೆ ಅದು ದೋಷ. ಅದಕ್ಕೇ ದನಿ ಒಡೆಯುವುದು ಅನ್ನುತ್ತಿದ್ದೇನೆ.

ಇದನ್ನು ಬೇರೆ ಮಾಡಿ ನೋಡಲು ಒಂದು ಸುಲಭ ದಾರಿ ಇದೆ. ಹಬ್ಬದ ಕಾಲದ ಪೋಸ್ಟುಗಳ ಬರಹವನ್ನಷ್ಟೇ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಫೋಟೋ ಬೇಡ, ಹೆಸರು ಬೇಡ, ಲೋಗೋ ಬೇಡ. ನಾವು ಗಣೇಶನ ಹಬ್ಬದಿಂದ ದೀಪಾವಳಿವರೆಗಿನ 14 ಪೋಸ್ಟ್ ತೆಗೆದೆವು. ಒಂದೊಂದನ್ನೂ ಬೇರೆ ಚೀಟಿಯಾಗಿ ಕತ್ತರಿಸಿ, ಹಪ್ಪಳ ಲಟ್ಟಿಸುವ ಇಬ್ಬರು ಹೆಂಗಸರಿಗೆ ಕೊಟ್ಟೆವು. ಅವರು ಪೋಸ್ಟ್ ಬರೆಯುವವರಲ್ಲ, ಆದರೆ ಘಟಕವನ್ನು ಚೆನ್ನಾಗಿ ಬಲ್ಲವರು. "ಇದರಲ್ಲಿ ನಮ್ಮ ಮನೆಯ ಮಾತು ಯಾವುದು, ಬೇರೆಯವರದ್ದು ಅನ್ನಿಸುವುದು ಯಾವುದು, ಎರಡು ಗುಡ್ಡೆ ಮಾಡಿ" ಅಂದೆವು. ಇಷ್ಟೇ ಕೇಳಬೇಕು. "ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಏಳು ಚೀಟಿ ಬೇರೆ ಗುಡ್ಡೆಗೆ ಹೋದವು. ದೋಷ ಇರುವುದು ಖಚಿತವಾಯಿತು.

ಎಲ್ಲಿ ಒಡೆಯುತ್ತಿದೆ ಅಂತ ಎಣಿಸುವುದು

ಇಲ್ಲಿ ಹೆಚ್ಚಿನವರು ಅವಸರ ಮಾಡುತ್ತಾರೆ. "ಆ ಹುಡುಗನಿಗೆ ಬರೆಯಲು ಬರುವುದಿಲ್ಲ" ಅಂತ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನಮ್ಮ ಅನುಮಾನವೂ ಮೊದಲು ಅಲ್ಲಿಗೇ ಹೋಯಿತು. ಅದು ತಪ್ಪು ಅಂತ ಎಣಿಸಿದ ಮೇಲೆ ತಿಳಿಯಿತು.

ಪ್ರತಿ ಚೀಟಿಯ ಹಿಂದೆ ಮೂರು ಸಂಗತಿ ಬರೆದೆವು. ಮೊದಲ ಸಾಲು ಏನು? ಓದುವವರನ್ನು ಏನಂತ ಕರೆದಿದೆ? ಕ್ರಿಯಾಪದ ಹೇಗೆ ಮುಗಿಯುತ್ತದೆ? ಕನ್ನಡದಲ್ಲಿ ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಅನ್ನುವುದು ಜಾಸ್ತಿ ಕಾಣುವುದು ಈ ಮೂರನೆಯದರಲ್ಲೇ. "ಮಾಡಿದ್ದೇವೆ" ಅಂದರೆ ಎದುರಿಗೆ ಒಬ್ಬರು ಇದ್ದಾರೆ. "ಮಾಡಲಾಗಿದೆ" ಅಂದರೆ ಮಾಡಿದವರು ಯಾರೂ ಇಲ್ಲ, ಕೆಲಸ ಮಾತ್ರ ಆಗಿದೆ. "ಮಾಡೇವ್ರಿ" ಅಂದರೆ ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಾರೆ.

ಹದಿನಾಲ್ಕರಲ್ಲಿ ಐದು "ಇದ್ದೇವೆ" ಥರದ ಸಾಲುಗಳಿಂದ ಮುಗಿದಿದ್ದವು. ನಾಲ್ಕು "ರೆಡಿ", "ಮಾಡಿದ್ದೀವಿ" ಥರದವು. ನಾಲ್ಕು "ಲಾಗಿದೆ", "ಲಭ್ಯವಿದೆ" ಥರದವು. ಒಂದು ಧಾರವಾಡದ ಮಾತಿನಲ್ಲಿ.

ದೀಪಾವಳಿಯ ಒಂದೇ ಡಬ್ಬದ ಬಗ್ಗೆ ಮೂರು ದಿನದಲ್ಲಿ ಹೋದ ಮೂರು ಪೋಸ್ಟುಗಳ ಶುರು ಇಲ್ಲಿದೆ:

"ನಾಡಿನ ಸಮಸ್ತ ಜನತೆಗೆ ಬೆಳಕಿನ ಹಬ್ಬ ದೀಪಾವಳಿಯ ಹಾರ್ದಿಕ ಶುಭಾಶಯಗಳು. ಹಬ್ಬದ ಪ್ರಯುಕ್ತ ವಿಶೇಷ ತಿನಿಸುಗಳ ಡಬ್ಬವನ್ನು ಸಿದ್ಧಪಡಿಸಲಾಗಿದೆ."

"ಹಾಯ್ ಫ್ರೆಂಡ್ಸ್!! ದೀಪಾವಳಿ ಬಂದೇ ಬಿಡ್ತು!! ಸ್ನ್ಯಾಕ್ಸ್ ಬಾಕ್ಸ್ ರೆಡಿ, ಬೇಗ ಬುಕ್ ಮಾಡ್ಕೊಳ್ಳಿ!!!"

"ದೀಪಾವಳಿ ಫರಾಳ ಸಜ್ಜಾಗೇತ್ರಿ. ಯಾರ್ಯಾರಿಗೆ ಬೇಕ್ರಿ?"

ಒಂದರಲ್ಲಿ ತಿನಿಸಿನ ಡಬ್ಬ, ಇನ್ನೊಂದರಲ್ಲಿ ಸ್ನ್ಯಾಕ್ಸ್ ಬಾಕ್ಸ್, ಮತ್ತೊಂದರಲ್ಲಿ ಫರಾಳ. ಗಿರಾಕಿಗಳು ಇವು ಮೂರು ಬೇರೆ ಬೇರೆ ಅಂದುಕೊಂಡು ಮೂರರ ಬೆಲೆಯನ್ನೂ ಕೇಳಿದ್ದರು. ದನಿ ಒಡೆದರೆ ಬರೀ ಕಿವಿಗೆ ಕಷ್ಟ ಅಲ್ಲ. ಸಾಮಾನು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಚೀಟಿಗಳನ್ನು ಎರಡು ರೀತಿ ಜೋಡಿಸಿದೆವು. ಒಂದು ಸಲ ಬರೆದವರ ಪ್ರಕಾರ, ಇನ್ನೊಂದು ಸಲ ದಿನದ ಪ್ರಕಾರ. ಈ ಹೆಜ್ಜೆ ಬಿಡಬೇಡಿ. "ಲಾಗಿದೆ" ಅಂತ ಮುಗಿದ ನಾಲ್ಕು ಪೋಸ್ಟುಗಳು ಒಬ್ಬರದ್ದಲ್ಲ! ನಾಲ್ಕು ಜನರದ್ದೂ ಒಂದೊಂದು. ಅದರಲ್ಲಿ ಒಂದು ನನ್ನದು. ನಾಲ್ಕೂ ಹಬ್ಬದ ದಿನವೇ ಹಾಕಿದವು. ನಾಲ್ಕೂ "ಹಾರ್ದಿಕ ಶುಭಾಶಯಗಳು" ಅಂತಲೇ ಶುರುವಾಗಿದ್ದವು.

ಹಬ್ಬದ ದಿನ ಬೆಳಿಗ್ಗೆ ಅವಸರದಲ್ಲಿ ಫೋನ್ ತೆಗೆದರೆ ಕೈಗೆ ಮೊದಲು ಬರುವುದು ಫ್ಲೆಕ್ಸ್ ಬೋರ್ಡಿನ ಸಾಲು. "ಸಮಸ್ತ ಜನತೆಗೆ" ಅಂತ ಒಮ್ಮೆ ಬರೆದರೆ, ಅದರ ಮುಂದೆ "ಒಲೆ ಇನ್ನೂ ಆರಿಲ್ಲ, ಬಿಸಿ ಇರುವಾಗಲೇ ತಗೊಳ್ಳಿ" ಅಂತ ಬರೆಯಲು ಬರುವುದಿಲ್ಲ. ಆ ಸಾಲಿಗೆ ಹೊಂದುವುದು "ಸಿದ್ಧಪಡಿಸಲಾಗಿದೆ" ಮಾತ್ರ. ಮೊದಲ ಸಾಲು ಉಳಿದ ಸಾಲುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ವಾರದ ದಿನ ಸಹಜವಾಗಿ ಬರೆಯುವ ಅದೇ ಕೈ ಹಬ್ಬದ ದಿನ ಬೇರೆಯವರ ಮಾತು ಬರೆಯುತ್ತದೆ. ಹಬ್ಬದ ಪೋಸ್ಟಿನಲ್ಲೇ ದನಿ ಯಾಕೆ ಒಡೆಯುತ್ತದೆ ಅಂದರೆ, ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಇನ್ನೊಂದು ನಷ್ಟವೂ ಇದೆ. ಇನ್‌ಸ್ಟಾಗ್ರಾಂನಲ್ಲಿ ಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಆ ಜಾಗವನ್ನೆಲ್ಲ ಶುಭಾಶಯವೇ ತಿಂದರೆ ಡಬ್ಬದಲ್ಲಿ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಆ ದಿನ ಎಲ್ಲರ ಪೇಜಿನಲ್ಲೂ ಇರುವುದು ಅದೇ ಸಾಲು.

ಹಾಳೆ ಮಾಡುವುದು

ಪುಸ್ತಕದ ಪ್ರತಿ ತಿದ್ದುವವರು ಸ್ಟೈಲ್ ಶೀಟ್ ಅಂತ ಒಂದು ಹಾಳೆ ಇಟ್ಟುಕೊಳ್ಳುತ್ತಾರೆ. ಒಂದು ಪದವನ್ನು ಹೇಗೆ ಬರೆಯಬೇಕು ಅಂತ ತೀರ್ಮಾನ ಮಾಡಿದ ತಕ್ಷಣ ಅದರಲ್ಲಿ ಗುರುತು ಹಾಕುತ್ತಾರೆ. ಮುಂದೆ ಅದೇ ಪದ ಬಂದಾಗ ಮತ್ತೆ ಯೋಚಿಸಬೇಕಿಲ್ಲ. ದೊಡ್ಡ ಕಂಪನಿಗಳ ಬ್ರ್ಯಾಂಡ್ ಕೈಪಿಡಿ ಬೇರೆ, ಇದು ಬೇರೆ. ಇದರಲ್ಲಿ ತೀರ್ಮಾನಗಳು ಮಾತ್ರ ಇರುತ್ತವೆ.

ನಾವು ಮೊದಲು ಬರೆದ ಹಾಳೆ ಕೆಲಸಕ್ಕೆ ಬರಲಿಲ್ಲ. ಅದರಲ್ಲಿ "ನಮ್ಮ ದನಿ ಆತ್ಮೀಯ, ಸರಳ, ಸಾಂಪ್ರದಾಯಿಕ" ಅಂತ ಬರೆದಿದ್ದೆವು. ನಾಲ್ಕೂ ಜನ ಒಪ್ಪಿದೆವು. ಆದರೆ "ಹಾಯ್ ಫ್ರೆಂಡ್ಸ್" ಬರೆದ ಹುಡುಗನಿಗೆ ಅದೇ ಆತ್ಮೀಯ. "ಸಮಸ್ತ ಜನತೆಗೆ" ಬರೆದ ನನಗೆ ಅದೇ ಸಾಂಪ್ರದಾಯಿಕ. ಇಂಥ ಗುಣಪದಗಳನ್ನು ಹಾಳೆಯಿಂದ ತೆಗೆದುಹಾಕಿ. ಅವುಗಳ ಜಾಗದಲ್ಲಿ ಸಾಲುಗಳನ್ನೇ ಇಡಿ: ಹೀಗೆ ಬರೆಯುತ್ತೇವೆ, ಹೀಗೆ ಬರೆಯುವುದಿಲ್ಲ.

ಎರಡನೇ ಸಲ ಮಾಡಿದ ಹಾಳೆ ಒಂದೇ ಪುಟದ್ದು. ಮೇಲಿನ ಅರ್ಧದಲ್ಲಿ ಇರುವುದು ಇಷ್ಟು:

```
ಮಾತಾಡುವವರು : ನಾವು
              (ಸಂಸ್ಥೆ, ಘಟಕ, ತಂಡ ಬೇಡ)
ಕೇಳುವವರು    : ನೀವು
              (ಫ್ರೆಂಡ್ಸ್, ಗ್ರಾಹಕರೇ, ಜನತೆ ಬೇಡ)
ಕ್ರಿಯಾಪದ     : ಮಾಡಿದ್ದೇವೆ, ಕಳಿಸುತ್ತೇವೆ
              (ಮಾಡಲಾಗಿದೆ, ಲಭ್ಯವಿದೆ ಬೇಡ)
ಮೊದಲ ಸಾಲು   : ಇವತ್ತು ಅಡುಗೆಮನೆಯಲ್ಲಿ ಆಗಿದ್ದು
ಕೊನೆಯ ಸಾಲು  : ಶುಭಾಶಯ, ನಾಲ್ಕು ಪದದೊಳಗೆ
! ಗುರುತು      : ಪೋಸ್ಟಿಗೆ ಒಂದು
ಬೆಲೆ, ತೂಕ     : ₹240, 500 ಗ್ರಾಂ
```

ಇದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಶುಭಾಶಯವನ್ನು ಕೊನೆಗೆ ಕಳಿಸಿದ ಸಾಲು. ಅದೊಂದು ಬದಲಾದ ಮೇಲೆ "ಲಾಗಿದೆ" ತಾನಾಗಿಯೇ ಹೋಯಿತು. ಯಾರಿಗೂ ಹೇಳಬೇಕಾಗಲಿಲ್ಲ. ದೀಪಾವಳಿ ಪೋಸ್ಟನ್ನು ಅಭ್ಯಾಸಕ್ಕೆ ಮತ್ತೆ ಬರೆದಾಗ ಹೀಗಾಯಿತು:

"ಎರಡು ದಿನದಿಂದ ಒಲೆ ಆರಿಲ್ಲ. ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಶಂಕರಪೋಳಿ ಸೇರಿಸಿ ಹಬ್ಬದ ಡಬ್ಬ ಕಟ್ಟುತ್ತಿದ್ದೇವೆ. ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನದೊಳಗೆ ಹೇಳಿದರೆ ಊರೊಳಗೆ ಮನೆಗೇ ತಲುಪಿಸುತ್ತೇವೆ. ದೀಪಾವಳಿ ಚೆನ್ನಾಗಿ ಆಗಲಿ."

"ದಿನಾಂಕ ಇಂತಿಷ್ಟರ ಒಳಗೆ" ಅಂತ ಬರೆಯುವುದಕ್ಕಿಂತ "ನೀರು ತುಂಬುವ ಹಬ್ಬದ ದಿನ" ಅನ್ನುವುದು ನಮ್ಮ ಗಿರಾಕಿಗಳಿಗೆ ಬೇಗ ತಲೆಗೆ ಹೋಗುತ್ತದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು ನೀರು ತುಂಬುವವರು ಅವರು. ಹಾಗೆಂದು ತಾರೀಖು ಬಿಡುವ ಹಾಗಿಲ್ಲ. ಬೆಂಗಳೂರಿನಿಂದ ಆರ್ಡರ್ ಮಾಡುವವರಿಗೆ ಅದು ಬೇಕು. ಹಬ್ಬದ ಹೆಸರಿನ ಪಕ್ಕದಲ್ಲೇ ತಾರೀಖನ್ನೂ ಹಾಕುತ್ತೇವೆ.

ಪದಗಳ ಪಟ್ಟಿ: ಜಗಳ ಆದದ್ದು ಇಲ್ಲೇ

ಹಾಳೆಯ ಕೆಳಗಿನ ಅರ್ಧ ಪದಗಳದ್ದು. ಅಕಾರಾದಿಯಾಗಿ ಸ್ವರಗಳಿಗೆ ಒಂದು ಚೌಕ, ಕ ವರ್ಗಕ್ಕೆ ಒಂದು, ಚ ವರ್ಗಕ್ಕೆ ಒಂದು, ಹೀಗೆ ಎಳೆದುಕೊಂಡೆವು. ಪದ ಹುಡುಕಲು ಒಂದು ಕ್ಷಣ ಸಾಕು. ಕೋಡುಬಳೆ ಬರೆಯುತ್ತೇವೆ, ಕೋಡ್ಬಳೆ ಅಲ್ಲ. ಚಟ್ನಿಪುಡಿ ಒಂದೇ ಪದ, ನಡುವೆ ಜಾಗ ಬಿಡುವುದಿಲ್ಲ. ಎಳ್ಳುಬೆಲ್ಲವೂ ಹಾಗೇ. ಇದು ಬರೀ ಅಂದಕ್ಕಲ್ಲ. ಹಳೆಯ ಪೋಸ್ಟ್ ಹುಡುಕುವಾಗ ಎರಡು ಥರ ಬರೆದಿದ್ದರೆ ಅರ್ಧ ಸಿಗುವುದೇ ಇಲ್ಲ.

ಹೋಳಿಗೆಯೋ ಒಬ್ಬಟ್ಟೋ ಅನ್ನುವಲ್ಲಿ ಒಂದು ಸಂಜೆಯೇ ಕಳೆಯಿತು. ನನಗೆ ಅದು ಒಬ್ಬಟ್ಟು. ಅಕ್ಕನಿಗೆ ಹೋಳಿಗೆ. ಇಬ್ಬರೂ ಬಿಡಲಿಲ್ಲ. ತಿಂಡಿಯ ಹೆಸರು ಅಂದರೆ ಅಮ್ಮನ ಮನೆಯ ಹೆಸರು, ಬಿಡುವುದು ಕಷ್ಟವೇ. ಕೊನೆಗೆ ಪ್ಯಾಕಿಂಗ್ ಹುಡುಗ ಒಂದು ಪ್ಯಾಕೆಟ್ ತಂದು ಎದುರಿಗಿಟ್ಟ. ಲೇಬಲ್ಲಿನಲ್ಲಿ ಹೋಳಿಗೆ ಅಂತ ಇತ್ತು. ಅದೇ ನಮ್ಮ ನಿಯಮವಾಯಿತು: ಲೇಬಲ್ಲಿನಲ್ಲಿ ಏನಿದೆಯೋ ಅದೇ ಪೋಸ್ಟಿನಲ್ಲೂ. ಗಿರಾಕಿಯ ಮನೆಯಲ್ಲಿ ಈಗಾಗಲೇ ಇರುವ ಹೆಸರು ಅದು. ಲೇಬಲ್ ಹೇಳಿದ ಹೆಸರು ಮೊದಲು ಬಂದಿದ್ದರೆ, ಎರಡನೇ ಸಾಲಿನಲ್ಲಿ ಊರ ಕಡೆಯ ಹೆಸರು ಬರಬಹುದು. "ಕಾಯಿ ಹೋಳಿಗೆ ಆಗಿದೆ. ಮೈಸೂರಿನವರಿಗೆ ಕಾಯಿ ಒಬ್ಬಟ್ಟು" ಅಂತ ಈಗ ಬರೆಯುತ್ತೇವೆ. ನನಗೂ ಸಮಾಧಾನ.

ಫರಾಳ ಅನ್ನುವ ಪದವನ್ನೂ ಹೀಗೇ ಉಳಿಸಿಕೊಂಡೆವು. ಹಾಳೆಯ ಉದ್ದೇಶ ಅಕ್ಕನ ಮಾತನ್ನು ಅಳಿಸುವುದಲ್ಲ. ನಿಜ ಹೇಳಬೇಕೆಂದರೆ ನಮ್ಮ ಪೋಸ್ಟುಗಳಲ್ಲಿ ಜೀವ ಇದ್ದ ಸಾಲುಗಳು ಅವರದ್ದೇ. ಕ್ರಿಯಾಪದದ ಕೊನೆ ಮಾತ್ರ ಎಲ್ಲರದ್ದೂ ಒಂದೇ ಥರ ಇರಲಿ ಅಂದುಕೊಂಡೆವು. ಇನ್‌ಬಾಕ್ಸಿನಲ್ಲಿ ಗಿರಾಕಿ "ಎಷ್ಟ್ರೀ ಅಕ್ಕಾರ?" ಅಂತ ಕೇಳಿದರೆ ಅಕ್ಕ ತಮ್ಮ ಮಾತಿನಲ್ಲೇ ಉತ್ತರ ಕೊಡುತ್ತಾರೆ. ಅದು ಇಬ್ಬರ ನಡುವಿನ ಮಾತು, ಹಾಳೆಗೆ ಅಲ್ಲಿ ಕೆಲಸ ಇಲ್ಲ.

ಹಾಳೆಯ ಹಿಂಬದಿಯಲ್ಲಿ ಹಬ್ಬಕ್ಕೊಂದು ಸಾಲು. ಸಂಕ್ರಾಂತಿಗೆ ಏನು ಮಾಡುತ್ತೇವೆ, ಯಾವ ಹೆಸರಿನಿಂದ ಕರೆಯುತ್ತೇವೆ, ಏನು ಬರೆಯುವುದಿಲ್ಲ. ಇಲ್ಲಿ ಉಡುಪಿ ಹುಡುಗಿ ಒಂದು ಮುಖ್ಯವಾದದ್ದು ತಿದ್ದಿದಳು. ಉಗಾದಿ ಸಾಲಿನಲ್ಲಿ ನಾವು "ಎಲ್ಲರಿಗೂ ಹೊಸ ವರ್ಷ" ಅಂತ ಬರೆದಿದ್ದೆವು. "ನಮ್ಮ ಕಡೆ ಹೊಸ ವರ್ಷ ಬಿಸು ದಿನ, ಏಪ್ರಿಲ್ ನಡುವೆ ಬರುತ್ತದೆ. ನಮ್ಮ ಅಮ್ಮ ಇದನ್ನು ಓದಿದರೆ ನನಗಲ್ಲ ಅಂದುಕೊಳ್ತಾರೆ" ಅಂದಳು. ಸರಿಯಾದ ಮಾತು. ಮಂಗಳೂರು, ಉಡುಪಿಗೆ ನಾವು ಹಪ್ಪಳ ಕಳಿಸುತ್ತೇವೆ. ಬಿಸುಗೆ ಬೇರೆಯೇ ಸಾಲು ಸೇರಿತು. ರಂಜಾನಿಗೂ ಅದೇ ನಿಯಮ. ಮೊದಲ ಸಾಲು ಶಾವಿಗೆಯದ್ದು, ಸುರಕುಂಬಕ್ಕೆ ಎಷ್ಟು ಸಣ್ಣ ಎಳೆ ಬೇಕೋ ಅಷ್ಟು ಸಣ್ಣದು ಮಾಡಿದ್ದೇವೆ ಅಂತ. ಶುಭಾಶಯ ಕೊನೆಗೆ. ಒಂದು ಹಬ್ಬಕ್ಕೆ ಮನೆಯವರ ಹಾಗೆ, ಇನ್ನೊಂದಕ್ಕೆ ಕಾಟಾಚಾರಕ್ಕೆ ಬರೆದರೆ ಓದುವವರಿಗೆ ನೋವಾಗುತ್ತದೆ.

ಹಾಳೆ ಇದ್ದೂ ಮತ್ತೆ ಒಡೆದರೆ

ಇಲ್ಲಿಂದ ಮುಂದೆ ನೋಡುವ ಕ್ರಮ ಬೇರೆ. ಪೋಸ್ಟಿನಲ್ಲಿ ಒಡಕು ಕಂಡಾಗ ಮೊದಲು ಹಾಳೆ ತೆಗೆದು ನೋಡಿ. ಆ ವಿಷಯಕ್ಕೆ ಅದರಲ್ಲಿ ಸಾಲು ಇದೆಯಾ? ಇಲ್ಲದಿದ್ದರೆ ಸುಲಭ, ಒಂದು ಸಾಲು ಸೇರಿಸಿ. ಸಾಲು ಇದ್ದೂ ತಪ್ಪಿದ್ದರೆ, ಬರೆದವರಿಗೆ ಹಾಳೆ ಆಗ ಕೈಗೆ ಸಿಕ್ಕಿತ್ತಾ ಅಂತ ಕೇಳಿ. ಸಿಕ್ಕಿದ್ದೂ ಬೇರೆ ಬರೆದಿದ್ದರೆ, ಆ ಸಾಲು ಆ ಸಂದರ್ಭಕ್ಕೆ ಒಪ್ಪುತ್ತಿರಲಿಲ್ಲ ಅಂತ ಅರ್ಥ. ಆಗ ತಿದ್ದಬೇಕಾದ್ದು ಹಾಳೆಯನ್ನೇ. ನಮಗೆ ಈ ಮೂರೂ ಆಗಿವೆ.

ಸಂಕ್ರಾಂತಿಯಲ್ಲಿ "ಹಾರ್ದಿಕ ಶುಭಾಶಯಗಳು" ಮತ್ತೆ ಮೊದಲ ಸಾಲಿಗೆ ಬಂದಿತ್ತು. ಬರೆದದ್ದು ಪ್ಯಾಕಿಂಗ್ ಹುಡುಗ. "ಹಾಳೆ ನೋಡಿಲ್ವಾ?" ಅಂತ ಕೇಳಿದೆ. "ಗ್ರೂಪಿನಲ್ಲಿ ಹುಡುಕಿದೆ ಅಕ್ಕಾ, ಇರಲಿಲ್ಲ" ಅಂದ. ಸುಮ್ನೆ ಹೇಳುತ್ತಿದ್ದಾನೆ ಅಂದುಕೊಂಡು ನಾನೇ ನೋಡಿದೆ. ನಿಜಕ್ಕೂ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಹಾಳೆಯನ್ನು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿ ಪಿನ್ ಮಾಡಿದ್ದೆ. ಅಲ್ಲಿ ಪಿನ್ ಮಾಡುವಾಗ 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತದೆ. ಜಾಸ್ತಿ ಅಂದರೆ 30 ದಿನ. ದೀಪಾವಳಿಯಿಂದ ಸಂಕ್ರಾಂತಿಗೆ ಎರಡು ತಿಂಗಳಿಗಿಂತ ಹೆಚ್ಚು. ಪಿನ್ ತಾನಾಗಿಯೇ ಬಿಟ್ಟುಹೋಗಿತ್ತು. ಹಾಳೆ ಆರ್ಡರ್ ಮಾತುಗಳ ಅಡಿಯಲ್ಲಿ ಎಲ್ಲೋ ಹೂತಿತ್ತು.

ಹಬ್ಬದ ಬರಹಕ್ಕೆ ಇದೇ ವಿಶೇಷ ಕಷ್ಟ. ದಿನಾ ಬರೆಯುವುದಾದರೆ ರೂಢಿ ಆಗುತ್ತದೆ. ಇದು ಎರಡು ತಿಂಗಳಿಗೊಮ್ಮೆ ಬರುವ ಕೆಲಸ. ಪ್ರತಿ ಸಲ ಮರೆತೇ ಶುರು ಮಾಡುತ್ತೇವೆ. ಈಗ ಹಾಳೆಯ ಲಿಂಕ್ ಗ್ರೂಪಿನ ವಿವರಣೆಯಲ್ಲಿದೆ. ಅದು ತಾನಾಗಿ ಹೋಗುವುದಿಲ್ಲ. ಒಂದು ಪ್ರಿಂಟನ್ನು ಪ್ಯಾಕಿಂಗ್ ಮೇಜಿನ ಮೇಲಿನ ಗೋಡೆಗೂ ಅಂಟಿಸಿದ್ದೇವೆ. ನಿಜವಾಗಿ ಎಲ್ಲರೂ ನೋಡುವುದು ಗೋಡೆಯದ್ದನ್ನೇ. ಹಾಗಾಗಿ ಲಿಂಕಿನಲ್ಲಿ ಒಂದು ಪದ ಬದಲಾದರೂ ಗೋಡೆಯ ಹಾಳೆಯನ್ನು ತೆಗೆದು ಹೊಸದು ಹಚ್ಚಬೇಕು. ಎರಡು ಹಾಳೆ ಎರಡು ಮಾತು ಹೇಳಿದರೆ ಒಂದೂ ಇಲ್ಲದಿದ್ದದ್ದಕ್ಕಿಂತ ಕೆಟ್ಟದು. ಹಾಳೆಯ ಮೂಲೆಯಲ್ಲಿ ಬದಲಿಸಿದ ತಾರೀಖು ಬರೆಯುವುದು ಇದಕ್ಕೇ.

ಎರಡನೇ ಸಲ ಉಗಾದಿಯಲ್ಲಿ ಒಡೆಯಿತು. ಪೋಸ್ಟಿನ ಬರಹ ಸರಿಯಾಗಿಯೇ ಇತ್ತು. ಮೊದಲ ಸಾಲು ಹೋಳಿಗೆ, ಕೊನೆಯ ಸಾಲು ಬೇವು ಬೆಲ್ಲ. ಆದರೆ ಮೇಲಿನ ಚಿತ್ರದಲ್ಲಿ ದೊಡ್ಡ ಅಕ್ಷರದಲ್ಲಿ "ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು". ಹಾಳೆಯಲ್ಲಿ ಉಗಾದಿ ಅಂತ ಇದೆ. ಕೆಳಗಿನ ಬರಹದಲ್ಲೂ ಉಗಾದಿ. ಚಿತ್ರ ಮಾಡಿಕೊಟ್ಟವರು ಹೊರಗಿನ ಡಿಸೈನ್ ಕೆಲಸದವರು. ಅವರು ನಮ್ಮ ಗ್ರೂಪಿನಲ್ಲೇ ಇಲ್ಲ. ನಾಲ್ಕು ಜನ ಬರೆಯುತ್ತೇವೆ ಅಂದುಕೊಂಡಿದ್ದೆವು, ನಿಜಕ್ಕೂ ಐದು ಜನ ಬರೆಯುತ್ತಿದ್ದೆವು.

ಅವರಿಗೆ ಸಾಲನ್ನು ಟೈಪ್ ಮಾಡಿ ಕಳಿಸಿದೆವು. ಅದರಿಂದಲೂ ಪೂರ್ತಿ ಸರಿ ಹೋಗಲಿಲ್ಲ. ಅವರು ಕೆಲಸ ಮಾಡುವುದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ನಾವು ಫೋನಿನಿಂದ ಕಳಿಸಿದ್ದು ಯೂನಿಕೋಡ್. ಅಲ್ಲಿ ಅಂಟಿಸಿದರೆ ಅಕ್ಷರ ಒಡೆದುಹೋಗುತ್ತಿತ್ತು. ಹಾಗಾಗಿ ಅವರು ಅದನ್ನು ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದರು. ಮತ್ತೆ ಟೈಪ್ ಮಾಡುವಾಗ ಕೋಡುಬಳೆ ಕೋಡ್ಬಳೆ ಆಗುತ್ತಿತ್ತು, ಅವರಿಗೆ ರೂಢಿ ಇದ್ದ ಹಾಗೆ. ಇದಕ್ಕೆ ನಾವು ಮಾಡಿಕೊಂಡದ್ದು ಎರಡು. ಚಿತ್ರದ ಮೇಲೆ ಆರು ಪದಕ್ಕಿಂತ ಹೆಚ್ಚು ಬೇಡ ಅಂತ ಹಾಳೆಯಲ್ಲಿ ಬರೆದೆವು. ಬೆಲೆ, ತಾರೀಖು, ಪಟ್ಟಿ ಎಲ್ಲ ಕೆಳಗಿನ ಬರಹಕ್ಕೆ ಬಂತು. ಅಲ್ಲಾದರೆ ಹಾಕಿದ ಮೇಲೂ ತಿದ್ದಬಹುದು. ಚಿತ್ರದೊಳಗಿನ ತಪ್ಪು ತಿದ್ದಲು ಬರುವುದಿಲ್ಲ. ಎರಡನೆಯದು, ಚಿತ್ರ ಬಂದ ಮೇಲೆ ಅದನ್ನು ಮಾಡಿಸದ ಇನ್ನೊಬ್ಬರು ಅಕ್ಷರ ಅಕ್ಷರವಾಗಿ ಜೋರಾಗಿ ಓದಬೇಕು. ಮನಸ್ಸಿನಲ್ಲಿ ಓದಿದರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ.

ಮೂರನೆಯದು ಮಳೆಗಾಲದ್ದು. ನಾಗರ ಪಂಚಮಿಗೆ ಉಂಡೆಗಳ ಪೋಸ್ಟ್ ತಯಾರಾಗಿತ್ತು. ಅಕ್ಕನ ಕಡೆ ಪಂಚಮಿ ಅಂದರೆ ದೊಡ್ಡ ಹಬ್ಬ. ಶೇಂಗಾ ಉಂಡೆ, ಎಳ್ಳುಂಡೆ, ಜೋಕಾಲಿ. ಆ ವಾರ ಮಳೆಗೆ ರಸ್ತೆ ಕಟ್ಟಾಗಿ ಕೊರಿಯರ್ ನಿಂತಿತ್ತು. ಹಾಳೆಯ ಪ್ರಕಾರ ಮೊದಲ ಸಾಲು ಅಡುಗೆಮನೆಯದ್ದೇ ಆಗಬೇಕು. ಉಡುಪಿ ಹುಡುಗಿ ಹಾಗೆ ಬರೆಯಲಿಲ್ಲ. "ಕೊರಿಯರ್ ನಿಂತಿದೆ. ಕಳಿಸಬೇಕಿದ್ದ ಉಂಡೆಗಳನ್ನು ಕಳಿಸಲು ಆಗಿಲ್ಲ. ದುಡ್ಡು ವಾಪಸ್ ಬೇಕಾದವರು ಹೇಳಿ, ಇವತ್ತೇ ಹಾಕುತ್ತೇವೆ" ಅಂತ ಶುರು ಮಾಡಿದಳು. ನಿಯಮ ಮುರಿದಳು, ಆದರೆ ದನಿ ಮುರಿಯಲಿಲ್ಲ. ನಾವು, ನೀವು, ಹಾಕುತ್ತೇವೆ, ಎಲ್ಲ ಸರಿಯಾಗಿತ್ತು. ಓದಿದವರಿಗೆ ಅದು ನಮ್ಮದೇ ಮಾತು ಅಂತ ಅನ್ನಿಸಿತು. ಅವತ್ತು ಹಾಳೆಗೆ ಒಂದು ಸಾಲು ಸೇರಿತು: ತೊಂದರೆ ಇದ್ದರೆ ಮೊದಲ ಸಾಲು ತೊಂದರೆಯದ್ದು, ಶುಭಾಶಯ ಬೇಡ, ! ಬೇಡ.

ಸರಿಯಾಗಿದೆಯೇ ಅಂತ ನೋಡುವುದು

ವರ್ಷಕ್ಕೆ ಎರಡು ಸಲ, ಉಗಾದಿಗೆ ಮೊದಲು ಒಮ್ಮೆ, ವರಮಹಾಲಕ್ಷ್ಮಿಗೆ ಮೊದಲು ಒಮ್ಮೆ, ನಾವು ಒಂದು ಪರೀಕ್ಷೆ ಮಾಡುತ್ತೇವೆ. ನಾಲ್ವರೂ ಒಂದೇ ವಿಷಯಕ್ಕೆ ಐದು ಸಾಲು ಬರೆಯುವುದು. ಒಬ್ಬರದ್ದು ಇನ್ನೊಬ್ಬರು ನೋಡುವ ಹಾಗಿಲ್ಲ. ಹಾಳೆ ನೋಡಬಹುದು. ಆಮೇಲೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ನಾಲ್ಕೂ ಒಂದೇ ಥರ ಇರಬೇಕಾಗಿಲ್ಲ. ಅಕ್ಕನ ಸಾಲಿನಲ್ಲಿ ಯಾವಾಗಲೂ ಒಂದು ವಾಸನೆ ಇರುತ್ತದೆ, ಹುರಿದ ಶೇಂಗಾದ್ದೋ ಬೆಲ್ಲದ ಪಾಕದ್ದೋ. ಹುಡುಗನ ಸಾಲಿನಲ್ಲಿ ಎಣಿಕೆ ಇರುತ್ತದೆ, ಎಷ್ಟು ಡಬ್ಬ ಉಳಿದಿದೆ ಅಂತ. ಅದು ಇರಲಿ. ನಾವು ನೋಡುವುದು ನಾಲ್ಕರಲ್ಲಿ ಮೂರು ಒಂದು ಕಡೆ ಹೋಗಿ, ಒಂದು ಇನ್ನೊಂದು ಕಡೆ ಹೋದ ಜಾಗ ಯಾವುದು ಅಂತ. ಹಾಳೆಯಲ್ಲಿ ಸಾಲು ಇಲ್ಲದಿರುವುದು ಸಾಮಾನ್ಯವಾಗಿ ಅಲ್ಲೇ.

ಹೋದ ಸಲದ ಪರೀಕ್ಷೆಯಲ್ಲಿ ಸಿಕ್ಕಿದ್ದು ಖಾಲಿಯಾದಾಗ ಏನಂತ ಬರೆಯಬೇಕು ಅನ್ನುವುದು. "ಸ್ಟಾಕ್ ಇಲ್ಲ", "ಮುಗಿಯಿತು", "ಸೋಲ್ಡ್ ಔಟ್", "ಖಾಲಿ ಆಯ್ತು", ನಾಲ್ವರದ್ದು ನಾಲ್ಕು. ಅಕ್ಕ ಮಾತ್ರ ಮುಂದಿನ ಸಾಲನ್ನೂ ಬರೆದಿದ್ದರು: "ಇವತ್ತಿನದು ಮುಗಿಯಿತು, ಗುರುವಾರ ಮತ್ತೆ ಮಾಡುತ್ತೇವೆ." ಹಾಳೆಯ ಪ ವರ್ಗದ ಚೌಕದಲ್ಲಿ, ಮ ಅಕ್ಷರದ ಕೆಳಗೆ ಈಗ ಆ ಸಾಲು ಹಾಗೇ ಇದೆ. ದಿನದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇವೆ.